ಗಂಡನಿಗೆ ಹಾಕದ ಕಾಳು

ಭಾಮಾಬಾಯಿ ಢಮಢೇರೆಯ ಕೈಯಷ್ಟು ಚೊಕ್ಕಟವಾದ ಕೈಯನ್ನು ನಾನು ಪುಣೆಯಲ್ಲಿ ಇನ್ನೊಂದು ನೋಡಿಲ್ಲ. ಇದನ್ನು ಬರೀ ಹೊಗಳಿಕೆ ಎಂದು ತಿಳಿಯಬೇಡಿ. ಅವಳ ಪಕ್ಕದಲ್ಲಿ ಮೇಜು ಹಾಕಿಕೊಂಡು ಬದುಕುವ ಕಷ್ಟ ನನಗೊಬ್ಬಳಿಗೇ ಗೊತ್ತು. ಪರ್ವತಿ ಗುಡ್ಡದ ಮೆಟ್ಟಿಲ ಬುಡದಲ್ಲಿ ನಾನು ನೆಲ್ಲಿಕಾಯಿ, ಹಾಗಲಕಾಯಿ ರಸ ಮಾರುತ್ತೇನೆ. ಅವಳು ಮೊಳಕೆ ಬಂದ ಹೆಸರುಕಾಳು ಮಾರುತ್ತಿದ್ದಳು. ನನ್ನ ಮೇಜಿನ ಮೇಲೆ ಒಂದು ನೊಣ ಕೂತರೂ ತನ್ನ ಬುಟ್ಟಿಗೆ ಬಟ್ಟೆ ಮುಚ್ಚಿ ನನ್ನ ಕಡೆ ನೋಡುವಳು, ಆ ನೊಣವನ್ನು ನಾನೇ ಹೆತ್ತಿದ್ದೇನೆ ಎನ್ನುವಂತೆ.

ಹೆಸರುಕಾಳನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಫಿಲ್ಟರ್ ನೀರಿನಲ್ಲಿ ತಿಳಿ ಬರುವ ತನಕ ತೊಳೆಯುವಳು. ನೆನೆಸಿ, ಬಸಿದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಗೂಟಕ್ಕೆ ತೂಗು ಹಾಕುವಳು. ಆ ಬಟ್ಟೆಯನ್ನು ದಿನಾ ಕುದಿಸಿ ಬಿಸಿಲಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಗಂಟು ಬಿಚ್ಚಿದರೆ ಬೆಳ್ಳನೆಯ ಮೊಳಕೆಗಳು ಬಟ್ಟೆಯ ಎಳೆಯೊಳಗೆ ಸಿಕ್ಕಿಕೊಂಡಿರುತ್ತಿದ್ದವು. ಅದಕ್ಕೆ ಈರುಳ್ಳಿ, ಟೊಮ್ಯಾಟೊ, ಲಿಂಬೆಹಣ್ಣು. ಗುಡ್ಡ ಹತ್ತಿ ಇಳಿದು ಏದುಸಿರು ಬಿಡುತ್ತ ಬರುವ ನಿವೃತ್ತರು, ತೂಕ ಇಳಿಸುವವರು, ಸಕ್ಕರೆ ಕಾಯಿಲೆಯವರು ಸಾಲಾಗಿ ನಿಂತು ತಿನ್ನುತ್ತಿದ್ದರು. ನಮ್ಮ ಅತ್ತೆಯರ ಕಾಲದಲ್ಲಿ ಮೊಳಕೆ ಎಂದರೆ ಉಸಳಿ, ಒಗ್ಗರಣೆ ಹಾಕಿ ಕುದಿಸಿಯೇ ಉಣ್ಣುವುದು. ಹಸಿಯದ್ದನ್ನು ಹಾಗೇ ಅಗಿಯುವುದು ಈ ವಾಕಿಂಗ್ ಜನ ತಂದ ಪದ್ಧತಿ. ಹೇಳಿ ಏನು ಪ್ರಯೋಜನ, ನಾನೂ ಅವರಿಂದಲೇ ಉಣ್ಣುವವಳು.

ಭಾಮಾಬಾಯಿಗೆ ಒಂದು ನೇಮವಿತ್ತು. ದಿನದ ಮೊದಲ ಬಟ್ಟಲು ಗಂಡನಿಗೆ. ಕೊಂಡಿಬಾ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಆಳು, ಅಗಲ ಎದೆ, ಮಾತು ಕಡಿಮೆ. ಕೆಲಸಕ್ಕೆ ಹೋಗುವ ಮುಂಚೆ ಹೆಂಡತಿಯ ಬುಟ್ಟಿ ಹೊತ್ತು ತಂದಿಟ್ಟು, ಮೇಜಿನ ಹಿಂದಿನ ಸ್ಟೂಲಿನ ಮೇಲೆ ಕೂತು, ಎಲ್ಲರೆದುರು ಆ ಬಟ್ಟಲು ಖಾಲಿ ಮಾಡುವನು. ಅವನು ಬಾಯಿ ಒರೆಸಿಕೊಂಡ ಮೇಲೆಯೇ ಮಾರಾಟ ಶುರು.

"ಗಂಡಗ ಹಾಕಲಾರದ್ದು ಗಿರಾಕಿಗೆ ಹಾಕಂಗಿಲ್ಲ ನಾನು," ಎನ್ನುತ್ತಿದ್ದಳು. ಹೊಸ ಗಿರಾಕಿ ಯಾರಾದರೂ ನೀರು ಎಲ್ಲಿಯದು ಎಂದು ಕೇಳಿದರೆ, ಹಳೆಯ ಗಿರಾಕಿ ಕರಂದೀಕರ್ ಕಾಕಾ ಕೊಂಡಿಬಾನ ಕಡೆ ಬೆರಳು ತೋರಿಸಿ, "ಅಲ್ಲಿ ಕೂತಾನ ನೋಡ್ರಿ ಸರ್ಟಿಫಿಕೇಟು," ಎನ್ನುತ್ತಿದ್ದರು. ಕರಂದೀಕರ್ ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಒಪ್ಪಿದ್ದನ್ನು ಆ ಗುಂಪೆಲ್ಲ ಒಪ್ಪುತ್ತಿತ್ತು.

ಆ ಕೊಂಡಿಬಾನ ಎರಡೂ ಕಿಡ್ನಿ ಕೆಟ್ಟವು. ರಕ್ತದೊತ್ತಡ ಇತ್ತಂತೆ, ಇವನಿಗೆ ಗೊತ್ತೇ ಇರಲಿಲ್ಲ. ಮುಖ ಊದಿಕೊಂಡು ಬಂದ ಮೇಲೆ ಆಸ್ಪತ್ರೆ, ಡಯಾಲಿಸಿಸ್, ಮತ್ತೆ ಆಸ್ಪತ್ರೆ. ಅವರಿಗೆ ಮಕ್ಕಳಿಲ್ಲ. ಪರೀಕ್ಷೆ ಮಾಡಿ ನೋಡಿದರೆ ಹೆಂಡತಿಯದೇ ಹೊಂದುತ್ತದೆ ಎಂದರು. ಭಾಮಾಬಾಯಿ ಹೋಗಿ ಮಲಗಿ, ತನ್ನದೊಂದು ಕಿಡ್ನಿ ಕೊಟ್ಟು ಬಂದಳು. ಅವಳ ಜಾಗಕ್ಕೆ ಬೇರೆ ಯಾರೂ ಮೇಜು ಹಾಕದಂತೆ ನಾನು ಎಷ್ಟು ಜನರ ಹತ್ತಿರ ಜಗಳ ಆಡಿದೆ ಎಂಬುದನ್ನು ಬಿಡಿ, ಅದು ಬೇರೆ ಪುರಾಣ.

ಆಸ್ಪತ್ರೆಯಿಂದ ಬಿಡುವ ಮುಂಚೆ ಊಟದ ಪಥ್ಯ ಹೇಳುವ ಬೋಡಸ್ ಮೇಡಂ ಕರೆದರು. ಜೊತೆಗೆ ಇರಲಿ ಎಂದು ಭಾಮಾಬಾಯಿ ನನ್ನನ್ನೂ ಕೂಡಿಸಿಕೊಂಡಳು. ಮೇಡಂ ಎಲ್ಲ ಹೇಳಿ ಕೊನೆಗೆ, "ಹಸಿ ಮೊಳಕಿ ಕಾಳು ಮಾತ್ರ ಮುಟ್ಟಂಗಿಲ್ಲ," ಎಂದರು. ಅವರಿಗೆ ಇವಳ ವ್ಯಾಪಾರ ಏನೆಂಬುದು ತಿಳಿದಿರಲಿಲ್ಲ.

ಭಾಮಾಬಾಯಿ ನೆಟ್ಟಗೆ ಕೂತಳು. "ಯಾಕ್ರಿ ಮೇಡಂ? ನಂದು ಫಿಲ್ಟರ್ ನೀರು. ಬಟ್ಟಿ ದಿನಾ ಕುದಿಸ್ತೀನಿ."

"ನಿಮ್ಮ ನೀರು ಛಲೋನ ಇರಬಹುದು. ರೋಗದ ಹುಳ ನೀರಿನಿಂದನ ಬರಬೇಕಂತಿಲ್ಲ. ಕಾಳಿನ ಮ್ಯಾಲ ಕೂತು ಬರ್ತಾವ. ಹೊಲದಾಗ ಸಗಣಿ, ಗೋದಾಮಿನಾಗ ಇಲಿ, ಹಕ್ಕಿ ಹಿಕ್ಕಿ. ಕಾಳಿನ ಸಣ್ಣ ಸೀಳಿನಾಗ ಸೇರಿಕೊಂಡ್ರ ಎಷ್ಟು ತೊಳದ್ರೂ ಪೂರ್ತಿ ಹೋಗಂಗಿಲ್ಲ."

"ನಾ ಎಷ್ಟು ಸಲ ತೊಳೀತೀನಿ ಅಂತ ಈಕಿನ್ನ ಕೇಳ್ರಿ," ಎಂದು ನನ್ನ ಕಡೆ ತಿರುಗಿದಳು.

"ಕೇಳೋದು ಬ್ಯಾಡ, ನಂಬ್ತೀನಿ. ಆದ್ರ ಒಣ ಕಾಳಿನಾಗ ನಾಕ ನಾಕು ಇದ್ದವು ಅಂತ ಇಟ್ಕೋರಿ. ನೀವು ನೆನಸಿ, ಬಟ್ಟ್ಯಾಗ ಕಟ್ಟಿ ಬೆಚ್ಚಗ ಇಡ್ತೀರಿ. ಮೊಳಕಿ ಬರ್ಲಿಕ್ಕೆ ಯಾವ ಹಸಿ, ಯಾವ ಬೆಚ್ಚಗ ಬೇಕೋ, ಹುಳ ಬೆಳೀಲಿಕ್ಕೂ ಅದ ಬೇಕು. ಮೊಳಕಿ ಬರೂದರಾಗ ಲಕ್ಷಗಟ್ಟಲೆ ಆಗಿರ್ತಾವ."

"ಕೆಟ್ಟಿದ್ರ ವಾಸನಿ ಬರ್ತೈತಲ್ರಿ?"

"ಬರಂಗಿಲ್ಲ. ನೋಡ್ಲಿಕ್ಕೂ ಛಂದ, ತಿನ್ಲಿಕ್ಕೂ ಛಂದ."

"ಲಿಂಬಿಹಣ್ಣು ಹಿಂಡ್ತೀನಿ."

"ಅದು ರುಚಿಗೆ ಆತು." ಮೇಡಂ ನಗಲಿಲ್ಲ. "ಗಟ್ಟಿ ಇದ್ದವರಿಗೆ ಹೆಚ್ಚಿನ ಸಲ ಏನೂ ಆಗಂಗಿಲ್ಲ. ಆದ್ರ ವಾಂತಿ ಭೇದಿ ಆಗಿ ಮಲಗಿದವರೂ ಅದಾರ. ಬಸುರೀರಿಗೆ, ಎಳೇ ಕೂಸುಗಳಿಗೆ, ವಯಸ್ಸಾದವರಿಗೆ ಬ್ಯಾಡಂತನ ನಾವು ಹೇಳೋದು. ಇವರಿಗಂತೂ ನೀವು ಕೊಟ್ಟ ಕಿಡ್ನಿ ಮೈ ಒಪ್ಪಿಕೊಳ್ಳಲಿ ಅಂತ ದಿನಾ ಔಷಧ ಕೊಡ್ತೀವಿ. ಆ ಔಷಧ ಮೈಯಾಗಿನ ಕಾವಲು ಇಳಿಸ್ತದ. ಸಣ್ಣ ಹುಳ ಒಳಗ ಹೋದ್ರೂ ರಕ್ತಕ್ಕ ಇಳೀತದ. ಕಾಳು ತಿನ್ಲಿ, ಬ್ಯಾಡ ಅನ್ನಂಗಿಲ್ಲ. ಪೂರಾ ಕುದಿಸಿ ಉಸಳಿ ಮಾಡಿ ಬಿಸಿ ಬಿಸಿ ಹಾಕ್ರಿ."

ಮೂಲೆಯ ಗಾಲಿಕುರ್ಚಿಯಲ್ಲಿ ಕೂತಿದ್ದ ಕೊಂಡಿಬಾ ಮಾಸ್ಕಿನ ಒಳಗಿಂದ, "ಇಲಿ ಅಂದ್ರಲ್ಲ, ಅದು ಖರೆ ಐತಿ," ಎಂದ. "ಚೀಲ ಎತ್ತಿದ್ರ ಕಾಲ ಮ್ಯಾಲ ಓಡ್ತಾವ."

"ನೀವು ಸುಮ್ಮ ಕೂಡ್ರಿ," ಎಂದಳು ಹೆಂಡತಿ. ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ನನ್ನ ಕಡೆ ತಿರುಗಿ, "ಶೇವಂತಿ, ಇಷ್ಟ ವರ್ಷ ನಾ ಹೊಲಸು ಮಾರೀನಿ ಅಂತಾಳಲ್ಲ ಆಕಿ," ಎಂದಳು. ಮೇಡಂ ಹಾಗೆ ಅಂದೇ ಇರಲಿಲ್ಲ. ಆದರೆ ಭಾಮಾಬಾಯಿಗೆ ಕೇಳಿಸಿದ್ದು ಅದೇ.

ಆದರೂ ಮೇಡಂ ಮಾತು ಮೀರಲಿಲ್ಲ. ಅವರದು ಒಂದೇ ಕೋಣೆಯ ಮನೆ. ಮೊಳಕೆಯ ಗಂಟುಗಳನ್ನು ಅಲ್ಲಿಂದ ಎತ್ತಿ ನನ್ನ ಮನೆಯ ಗೋಡೆಗೆ ಗೂಟ ಹೊಡೆದು ತೂಗು ಹಾಕಿದಳು. ನನ್ನನ್ನು ಕೇಳಲಿಲ್ಲ, ಗೂಟ ಹೊಡೆದ ಮೇಲೆ ಹೇಳಿದಳು. ಹಸಿ ಕಾಳು ಮುಟ್ಟಿದ ಕೈಯನ್ನು ಸಾಬೂನಿನಿಂದ ತಿಕ್ಕಿ ತಿಕ್ಕಿ ಆಮೇಲೆ ಗಂಡನ ತಟ್ಟೆ ಮುಟ್ಟುವಳು. ಅವನಿಗೆ ಬೇರೆ ಪಾತ್ರೆ, ಬೇರೆ ಚಾಕು. ಎಲ್ಲವನ್ನೂ ಕುದಿಸುವಳು. ಅವನ ಔಷಧಿಗೆ ವ್ಯಾಪಾರ ನಡೆಯಲೇಬೇಕಿತ್ತು, ಅವನಿಗಂತೂ ಇನ್ನು ಚೀಲ ಎತ್ತುವ ಹಾಗಿರಲಿಲ್ಲ. ಹೀಗೆ ಮನೆಯಲ್ಲಿ ವಿಷ ಎಂದು ದೂರವಿಟ್ಟಿದ್ದನ್ನು ಬೆಳಿಗ್ಗೆ ಎದ್ದು ಪರ್ವತಿಗೆ ತಂದು ಮಾರುವ ಬದುಕು ಅವಳದಾಯಿತು.

ಕೆಲವು ತಿಂಗಳ ಮೇಲೆ ಕೊಂಡಿಬಾನೂ ಬರತೊಡಗಿದ. ಮನೆಯಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂತು ಬೇಸತ್ತಿದ್ದ. ಮಾಸ್ಕ್ ಹಾಕಿಕೊಂಡು, ಜನರಿಂದ ದೂರ ಸ್ಟೂಲು ಎಳೆದು ಕೂರುವನು. ಬಟ್ಟಲು ಮಾತ್ರ ಕೈಯಲ್ಲಿ ಇರುತ್ತಿರಲಿಲ್ಲ.

ಅದನ್ನು ಮೊದಲು ನೋಡಿದವರು ಕರಂದೀಕರ್. "ಯಾಕ ಬಾಯಿ, ಮಾಲಕರು ಇತ್ತೀಚೆ ತಿನ್ನವಲ್ರು?"

"ಡಾಕ್ಟರ್ ಬ್ಯಾಡ ಅಂದಾರ ಕಾಕಾ."

"ಹೆಸರುಕಾಳು ಬ್ಯಾಡಂತ?"

"ಹಸೀದು ಬ್ಯಾಡಂತ."

ಕರಂದೀಕರ್ ಚಮಚ ಬಾಯಿಯ ಹತ್ತಿರ ಒಯ್ದವರು ತಡೆದರು. "ಹಂಗಾದ್ರ ನಾವು ತಿನ್ನಬಹುದೇನು?"

ನಾನಾಗಿದ್ದರೆ, ತಿನ್ರಿ ಕಾಕಾ, ಹುಲಿಯಂಗ ಅದೀರಿ ಎಂದುಬಿಡುತ್ತಿದ್ದೆ. ಅವಳಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. ಸುಮ್ಮನೆ ಈರುಳ್ಳಿ ಹೆಚ್ಚುತ್ತ ನಿಂತಳು. ಆ ಸುಮ್ಮನಿರುವಿಕೆಯೇ ಅವಳ ವ್ಯಾಪಾರಕ್ಕೆ ಕುತ್ತಾಯಿತು. ಗುಂಪಿನಲ್ಲಿ ಬಾಯಿಂದ ಬಾಯಿಗೆ ಹೋಯಿತು, ಅವಳ ಗಂಡನೇ ತಿನ್ನುವುದಿಲ್ಲವಂತೆ ಎಂದು. ಒಬ್ಬೊಬ್ಬರಾಗಿ ಬಿಟ್ಟರು.

"ಉಪವಾಸ ಅದಾರ ಅಂತ ಹೇಳಬಾರದೇನ?" ಎಂದು ಬೈದೆ.

"ದಿನಾ ಉಪವಾಸ ಮಾಡಾಕ ಅವರೇನು ಸನ್ಯಾಸೀನ?" ಎಂದಳು.

ಒಂದು ವಾರ ಕಾಳನ್ನು ಬೇಯಿಸಿ ತಂದು ನೋಡಿದಳು. ಬೇಯಿಸಿದ್ದು ಬುಟ್ಟಿಯಲ್ಲಿ ಬಾಡಿ ಹಳದಿಯಾಗಿ ಕೂತಿತ್ತು. ಕರಂದೀಕರ್ ಬಗ್ಗಿ ನೋಡಿ ತಲೆ ಆಡಿಸಿದರು. "ಮೊಳಕಿ ಅಂದ್ರ ಜೀವಂತ ಆಹಾರ ಬಾಯಿ. ಬೇಯಿಸಿದ ಮ್ಯಾಲ ಜೀವ ಎಲ್ಲಿ ಉಳೀತು?"

"ಜೀವ ಇರೋದ ತ್ರಾಸು ಅಂತಾರ ಡಾಕ್ಟರು," ಎಂದಳು.

ಅವರು ನಕ್ಕು ನನ್ನ ಕಡೆ ಬಂದು ಹಾಗಲಕಾಯಿ ರಸ ಕುಡಿದು ಹೋದರು. ಮತ್ತೆ ಹಸಿಯದನ್ನೇ ತರತೊಡಗಿದಳು. ಆದರೆ ಒಳಗೆ ಸಮಾಧಾನವಿಲ್ಲ. ಒಂದು ದಿನ ಒಬ್ಬ ತುಂಬು ಬಸುರಿ ಗಂಡನ ಜೊತೆ ಬಂದು ಬಟ್ಟಲು ಕೇಳಿದರೆ, "ನಿನಗ ಬ್ಯಾಡವ್ವ, ಮನ್ಯಾಗ ಉಸಳಿ ಮಾಡಿಕೊಂಡು ತಿನ್ನು," ಎಂದು ಕಳಿಸಿಬಿಟ್ಟಳು. ಸುತ್ತ ನಿಂತವರು ಕೇಳಿಸಿಕೊಂಡರು. ಮರುದಿನದಿಂದ ಅವರೂ ಇಲ್ಲ. ತುಂಬಿದ ಬುಟ್ಟಿ ತುಂಬಿದ ಹಾಗೇ ಮನೆಗೆ ಹೋಗಿ ಉಸಳಿಯಾಗುತ್ತಿತ್ತು. ಬೆಳಿಗ್ಗೆ ನನಗೂ ಅದೇ, ಸಂಜೆ ನನಗೂ ಅದೇ. ಹೆಸರು ಕೇಳಿದರೆ ಹೊಟ್ಟೆ ಉಬ್ಬರಿಸುವ ಹಾಗಾಗಿತ್ತು ನನಗೆ.

ಒಂದು ಬೆಳಿಗ್ಗೆ ನನ್ನ ರಸದ ಯಂತ್ರ ಕೆಟ್ಟು ರಿಪೇರಿಗೆ ಹೋಗಿದ್ದೆ. ಮಧ್ಯಾಹ್ನ ಭಾಮಾಬಾಯಿ ಬಾಗಿಲಿಗೆ ಬಂದಳು. ಬುಟ್ಟಿ ಖಾಲಿ. "ಎಲ್ಲಾ ಹೋತು ಶೇವಂತಿ. ಕಾಕಾನ ಗುಂಪೆಲ್ಲ ಬಂದಿತ್ತು," ಎಂದಳು. ಬಹಳ ದಿನದ ಮೇಲೆ ಅವಳ ಮುಖದ ಗಂಟು ಸಡಿಲಾಗಿತ್ತು. ಮರುದಿನವೂ ಖಾಲಿ. ಯಾಕೆ ಎಂದು ಅವಳೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಬಳಲಿದವರು ಒಳ್ಳೆಯದಾದಾಗ ಯಾಕೆ ಎಂದು ಕೇಳುವುದಿಲ್ಲ.

ಮೂರನೆಯ ದಿನ ಕೊಂಡಿಬಾನಿಗೆ ಚಳಿ ಬಂದು ಜ್ವರ ಏರಿತು, ಭೇದಿ ಹಿಡಿಯಿತು. ರಿಕ್ಷಾದಲ್ಲಿ ಹಾಕಿಕೊಂಡು ಹೋದೆವು. ಆ ದೊಡ್ಡ ಮೈ ನನ್ನ ಭುಜದ ಮೇಲೆ ಒದ್ದೆ ಚೀಲದ ಹಾಗೆ ಒರಗಿತ್ತು. ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ರಕ್ತ ತೆಗೆದರು, ಮಲ ಪರೀಕ್ಷೆಗೆ ಕಳಿಸಿದರು. ಮೂತ್ರ ಕಡಿಮೆಯಾಗುತ್ತ ಬಂತು. ಹಾಕಿದ ಕಿಡ್ನಿಯೇ ಸೋಲುತ್ತಿದೆ, ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿ ಹೋದರು. ಭಾಮಾಬಾಯಿ ಸೀರೆಯ ಮೇಲಿಂದಲೇ ತನ್ನ ಪಕ್ಕೆ ಹಿಡಿದುಕೊಂಡು ನಿಂತಿದ್ದಳು, ಕೊಯ್ದ ಜಾಗ ಈಗ ನೋಯುವಂತೆ.

ಬೋಡಸ್ ಮೇಡಂ ಬಂದರು. "ಏನು ತಿಂದಿದ್ರು?"

"ದೇವರಾಣಿ ಮೇಡಂ, ಕುದಿಸಲಾರದ್ದು ಒಂದೂ ಬಾಯಿಗೆ ಹೋಗಿಲ್ಲ. ನಾನ ಕಾವಲಿದ್ದೀನಿ."

"ಹೋಗೇತಿ," ಎಂದ ಕೊಂಡಿಬಾ.

ಎಲ್ಲರೂ ಮಂಚದ ಕಡೆ ತಿರುಗಿದೆವು. ಅವನ ತುಟಿ ಒಣಗಿತ್ತು, ಒಂದೊಂದೇ ಮಾತು ತೆಗೆದ. "ನೀ ಕ್ಯಾನ್ ತುಂಬಾಕ ನಳಕ್ಕ ಹೋಗಿದ್ದಿ. ಕಾಕಾ ಬಂದು, ಏನ್ ಕೊಂಡಿಬಾ, ಹೆಂಡ್ತಿ ಕೈ ಮ್ಯಾಲಿನ ನಂಬಿಕಿ ಹೋತೇನು ಅಂದ. ಮಾಸ್ಕ್ ಇಳಿಸಿ ಒಂದು ಬಟ್ಟಲ ತಿಂದೆ. ಎಲ್ಲಾರ ಮುಂದ."

"ಯಾಕ್ರಿ?" ಎಂದಳು ಭಾಮಾಬಾಯಿ.

"ದಿನಾ ಬುಟ್ಟಿ ತುಂಬ ಹೊತ್ಕೊಂಡು ಮನಿಗೆ ಬರ್ತಿದ್ದಿ. ನೋಡಾಕಾಗಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, "ನೀ ತೊಳದದ್ದು ಐತಲ್ಲ, ಏನಾಗತೈತಿ ಅಂದ್ಕೊಂಡೆ," ಎಂದ.

ಭಾಮಾಬಾಯಿ ಬೈಯಲಿಲ್ಲ, ಅಳಲಿಲ್ಲ. ನನಗೆ ಬಂದ ಸಿಟ್ಟಿಗೆ ಅವನ ಮಂಚವನ್ನೇ ಮಗುಚಬೇಕು ಅನ್ನಿಸಿತ್ತು. ಕೊಟ್ಟವಳ ಕಿಡ್ನಿಯನ್ನು ಒಂದು ಬಟ್ಟಲು ಕಾಳಿಗೆ ಪಣಕ್ಕಿಡುವ ಗಂಡಸನ್ನು ಇನ್ನೇನು ಮಾಡಬೇಕು? ಅವಳು ಹತ್ತಿ ಒದ್ದೆ ಮಾಡಿ ಅವನ ತುಟಿ ಒರೆಸಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ನನ್ನ ಕೈ ನಂಬಿ ತಿಂದಾರ," ಎಂದಳು.

ತೆಗೆದ ರಕ್ತದ ಪರೀಕ್ಷೆಯಲ್ಲಿ ರೋಗದ ಹುಳ ಕಂಡಿತು. ಆ ಬಟ್ಟಲಿನದೇ ಎಂದು ಆಣೆ ಮಾಡಿ ಹೇಳಲಿಕ್ಕೆ ಬರುವುದಿಲ್ಲ, ಆದರೆ ಅವನು ತಿಂದ ಹಸಿಯದು ಅದೊಂದೇ ಎಂದರು ಬೋಡಸ್ ಮೇಡಂ. ಅದೇ ಬುಟ್ಟಿಯಿಂದ ತಿಂದ ಕರಂದೀಕರ್ ಗುಂಪಿನಲ್ಲಿ ಒಬ್ಬರಿಗೂ ಒಂದು ಹೊಟ್ಟೆನೋವೂ ಬಂದಿರಲಿಲ್ಲ. ನಾನೇ ಹೋಗಿ ವಿಚಾರಿಸಿದ್ದೆ. ಹಾಗೂ ಆಗುತ್ತದೆ ಎಂದರು ಮೇಡಂ, ಗಟ್ಟಿ ಮೈ ಅದನ್ನು ಅಲ್ಲೇ ಮುಗಿಸಿಬಿಡುತ್ತದೆ, ಇವನ ಮೈಯ ಕಾವಲನ್ನು ನಾವೇ ಇಳಿಸಿದ್ದೇವೆ.

ಮತ್ತೆ ಡಯಾಲಿಸಿಸ್ ಯಂತ್ರಕ್ಕೆ ಹಾಕಿದರು. ದಿನಾ ಸಂಜೆ ರಿಪೋರ್ಟು ಬರುವ ಹೊತ್ತಿಗೆ ಭಾಮಾಬಾಯಿ ಕಾರಿಡಾರಿನಲ್ಲಿ ಓಡಾಡುವಳು. ನಾನು ಅಂಗಡಿ ಮುಗಿಸಿ ಡಬ್ಬಿ ಒಯ್ದು, ಅವಳು ಉಣ್ಣದೆ ಬಿಟ್ಟದ್ದನ್ನು ವಾಪಸು ತರುವುದು. ನನ್ನ ಕಾಲು ಬಿದ್ದುಹೋಗಿದ್ದವು. ಅವಳ ಕಾಲಿನ ಮಾತು ಕೇಳಲೇಬೇಡಿ. ಜ್ವರ ಇಳಿಯಿತು. ಆಮೇಲೆ ಒಂದು ದಿನ ನರ್ಸು ಮೂತ್ರದ ಚೀಲದಲ್ಲಿ ತುಂಬಿದ್ದನ್ನು ತೋರಿಸಿ, ಬರಲಿಕತ್ತದ ನೋಡ್ರಿ ಎಂದಳು. ಕಿಡ್ನಿ ಎದ್ದಿತ್ತು, ಆದರೆ ಮೊದಲಿನ ಹಾಗಲ್ಲ. ಅರ್ಧ ಎಂದು ತಿಳಿಯಿರಿ ಎಂದರು ಡಾಕ್ಟರು, ಎಷ್ಟು ವರ್ಷ ನಡೆಯುತ್ತದೋ ನೋಡಬೇಕು.

ಅವನನ್ನು ಮನೆಗೆ ತಂದ ಮೇಲೆ ಒಂದು ಬೆಳಿಗ್ಗೆ ಭಾಮಾಬಾಯಿ ಪರ್ವತಿಗೆ ಬಂದಳು. ಒಬ್ಬಳೇ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಹಿತ್ತಾಳೆಯ ಪಾತೇಲಿ ಇತ್ತು. ಸ್ಟವ್ ಹಚ್ಚಿ ಅದರ ಮೇಲಿಟ್ಟಳು. ಉಸಳಿ ಕೊತ ಕೊತ ಕುದಿಯತೊಡಗಿತು.

ಕರಂದೀಕರ್ ತಮ್ಮ ಗುಂಪಿನೊಂದಿಗೆ ಮೆಟ್ಟಿಲಿಳಿದು ಬಂದರು. ಅವರಿಗೆ ಆಸ್ಪತ್ರೆಯ ಸುದ್ದಿ ಅರೆಬರೆ ತಿಳಿದಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಮುಖ ಸಣ್ಣದು ಮಾಡಿಕೊಂಡು, "ಕೊಂಡಿಬಾ ಹೆಂಗದಾನ ಬಾಯಿ? ಏನೋ ಜ್ವರ ಅಂತ ಕೇಳಿದೆ," ಎಂದರು.

"ಜ್ವರ ಅಲ್ಲ ಕಾಕಾ. ನನ್ನ ಹಸಿ ಕಾಳು ತಿಂದು ಸಾಯಾಕ ಬಿದ್ದಿದ್ರು. ನಾ ಕೊಟ್ಟ ಕಿಡ್ನಿ ಅರ್ಧ ಹೋತು."

ಮೆಟ್ಟಿಲ ಮೇಲೆ ಇಳಿಯುತ್ತಿದ್ದವರು ಅಲ್ಲಲ್ಲೇ ನಿಂತರು. ಕರಂದೀಕರ್ ಗಾಬರಿಯಿಂದ ಅತ್ತಿತ್ತ ನೋಡಿ, ಅವಳ ಹತ್ತಿರ ಬಗ್ಗಿ, "ಮೆಲ್ಲಗ ಮಾತಾಡು ಬಾಯಿ. ನಿನ್ನ ಹೆಸರು ಕೆಡ್ತದ. ಯಾರರ ಕೇಳಿಸ್ಕೊಂಡಾರು," ಎಂದರು.

ಭಾಮಾಬಾಯಿ ಪಾತೇಲಿಯ ಮುಚ್ಚಳ ತೆಗೆದು ಕೆಳಗಿಟ್ಟಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ, ಬರೀ ದಣಿವು.

"ಕೇಳಿಸ್ಕೊಳ್ಳಲಿ ಅಂತನ ಹೇಳ್ಲಿಕತ್ತೀನಿ ಕಾಕಾ," ಎಂದಳು.